ಸೋಡಿಯಂ ಅಸಿಟೇಟ್ ದ್ರಾವಣದ ಪಿಎಚ್: ಮೂರು ಲೆಕ್ಕ, ಒಂದು ಮೀಟರ್

ಸೋಡಿಯಂ ಅಸಿಟೇಟ್ ನೀರಿಗೆ ಬಿದ್ದರೆ ಪೂರ್ತಿ ಅಯಾನುಗಳಾಗುತ್ತದೆ. ಸೋಡಿಯಂ ಸುಮ್ನೆ ಇರುತ್ತದೆ. ಅಸಿಟೇಟ್ ಮಾತ್ರ ಅಸಿಟಿಕ್ ಆಮ್ಲದ ಸಂಯುಗ್ಮ ಪ್ರತ್ಯಾಮ್ಲ. ಅದು ನೀರಿನಿಂದ ಒಂದು ಪ್ರೋಟಾನ್ ಕಿತ್ತುಕೊಂಡು ಹೈಡ್ರಾಕ್ಸೈಡ್ ಅಯಾನನ್ನು ಉಳಿಸುತ್ತದೆ:

CH₃COO⁻ + H₂O ⇌ CH₃COOH + OH⁻

ಇದರ ಪಿಎಚ್ ಕಂಡುಹಿಡಿಯಲು ಮೂರು ದಾರಿಗಳಿವೆ. ಮೂರನ್ನೂ ಮಾಡಿ ನೋಡಿದ್ದೇನೆ.

ಮೊದಲನೆಯದು ಸಿದ್ಧ ಸೂತ್ರ: pH = 7 + ½(pKa + log C). pKa 4.74, ಸಾರತೆ 0.1 ಮೋಲಾರ್ ಎಂದಿಟ್ಟರೆ 8.87 ಬರುತ್ತದೆ. ಅರ್ಧ ನಿಮಿಷದ ಕೆಲಸ. ಆದರೆ ಉತ್ತರ ಯಾಕೆ 7ಕ್ಕಿಂತ ಜಾಸ್ತಿ ಎಂಬುದು ಇದರಲ್ಲಿ ಕಾಣುವುದಿಲ್ಲ.

ಎರಡನೆಯದು ಸಮತೋಲದಿಂದ ಹೊರಡುವುದು. Kb = Kw/Ka, ಅಂದರೆ 10⁻¹⁴ ಅನ್ನು 1.8×10⁻⁵ರಿಂದ ಭಾಗಿಸಿದರೆ 5.6×10⁻¹⁰. ಹುಟ್ಟಿದ OH⁻ ಪ್ರಮಾಣ x ಆದರೆ x² = Kb × 0.1, ಹಾಗಾಗಿ x ಸುಮಾರು 7.5×10⁻⁶. ಪಿಒಎಚ್ 5.13, ಪಿಎಚ್ ಅದೇ 8.87. ಸೂತ್ರ ಹುಟ್ಟಿದ್ದೇ ಇಲ್ಲಿಂದ, ಉತ್ತರ ಬೇರೆಯಾಗಲು ಸಾಧ್ಯವಿಲ್ಲ. ಆದರೂ ನನಗೆ ಇದೇ ಇಷ್ಟ. ಹತ್ತು ಸಾವಿರ ಅಸಿಟೇಟ್‌ಗಳಲ್ಲಿ ಒಂದು ಕೂಡ ನೀರಿನೊಂದಿಗೆ ವರ್ತಿಸಿಲ್ಲ ಎಂಬುದು x ನೋಡಿದ ಕೂಡಲೇ ತಿಳಿಯುತ್ತದೆ.

ಈ ಎರಡೂ ಕೈಕೊಡುವುದು ದ್ರಾವಣ ತೀರಾ ತೆಳುವಾದಾಗ. 10⁻⁵ ಮೋಲಾರ್ ಹಾಕಿ ನೋಡಿ. ಸೂತ್ರ 6.87 ಎನ್ನುತ್ತದೆ. ಪ್ರತ್ಯಾಮ್ಲ ಹಾಕಿದರೆ ನೀರು ಆಮ್ಲೀಯವಾಗುವುದುಂಟಾ? ತಪ್ಪಿರುವುದು ಬಿಟ್ಟುಬಿಟ್ಟ ಭಾಗದಲ್ಲಿ: ನೀರು ತಾನಾಗಿಯೇ ಕೊಡುವ OH⁻ ಈಗ ಅಸಿಟೇಟ್ ಕೊಡುವುದಕ್ಕಿಂತ ಹೆಚ್ಚು.

ಮೂರನೆಯ ಲೆಕ್ಕ ಅದನ್ನೂ ಸೇರಿಸಿಕೊಳ್ಳುತ್ತದೆ. ಅಸಿಟಿಕ್ ಆಮ್ಲದ ಜೊತೆ ಹುಟ್ಟಿದ OH⁻, ನೀರಿನ H⁺ ಜೊತೆ ಹುಟ್ಟಿದ OH⁻, ಎರಡನ್ನೂ ಕೂಡಿದರೆ:

[OH⁻]² = Kb·C + Kw

10⁻⁵ ಮೋಲಾರ್‌ಗೆ ಬಲಬದಿ 1.56×10⁻¹⁴. ಪಿಎಚ್ 7.10. ಇದು ನಂಬುವಂಥ ಉತ್ತರ. 10⁻⁴ ಮೋಲಾರ್‌ನಲ್ಲಿ ಸೂತ್ರ 7.37, ಈ ಲೆಕ್ಕ 7.41, ಅಂತರ ಅಷ್ಟೇನಿಲ್ಲ. ಹಾಗಾಗಿ 10⁻³ಕ್ಕಿಂತ ಗಟ್ಟಿ ದ್ರಾವಣಕ್ಕೆ ಎರಡನೆಯ ದಾರಿ ಸಾಕು, ಅದಕ್ಕಿಂತ ತೆಳುವಾದರೆ ನಾನು ಮೂರನೆಯದನ್ನೇ ಹಿಡಿಯುತ್ತೇನೆ. ಒಂದು ಪದ ಜಾಸ್ತಿ, ಅಷ್ಟೇ ಅಲ್ವಾ.

ಇನ್ನು ಮೀಟರ್. 0.1 ಮೋಲಾರ್ ದ್ರಾವಣ 100 ಮಿಲಿಲೀಟರ್ ಬೇಕಾದರೆ ಮೂರು ನೀರಿನ ಅಣುಗಳಿರುವ ಹರಳು 1.36 ಗ್ರಾಂ, ನೀರಿಲ್ಲದ ಪುಡಿಯಾದರೆ 0.82 ಗ್ರಾಂ. ಇವೆರಡು ಅದಲುಬದಲಾದರೂ ಪಿಎಚ್ ಬರೀ 0.11 ಸರಿಯುತ್ತದೆ, ಆದ್ದರಿಂದ ಆ ತಪ್ಪು ಮೀಟರ್‌ನಲ್ಲಿ ಸುಲಭವಾಗಿ ಎದ್ದು ಕಾಣುವುದಿಲ್ಲ. ಅಯಾನುಗಳು ಒಂದರ ಮೇಲೊಂದು ಪ್ರಭಾವ ಬೀರುವುದರಿಂದ ಓದು ಲೆಕ್ಕಕ್ಕಿಂತ ಸ್ವಲ್ಪ ಕೆಳಗೆ, 8.8ರ ಆಸುಪಾಸು ನಿಲ್ಲುವುದು ಸಹಜ. ಅದಕ್ಕಿಂತ ತುಂಬಾ ಕೆಳಗಿದ್ದರೆ ಮೊದಲು ನೀರನ್ನು ಅನುಮಾನಿಸಿ: ಗಾಳಿಗೆ ತೆರೆದಿಟ್ಟ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ. ಕುದಿಸಿ, ಮುಚ್ಚಿ ಆರಿಸಿದ ನೀರು ಬಳಸಿದರೆ ಓದು ಮೇಲೇರುತ್ತದೆ. 10⁻⁵ ಮೋಲಾರ್‌ನಲ್ಲಿ ಮಾತ್ರ ಈ ಅನಿಲದ ಕಾಟ ಅಸಿಟೇಟ್‌ನ ಪ್ರಭಾವವನ್ನೇ ಮುಚ್ಚಿಹಾಕುತ್ತದೆ, ಅಲ್ಲಿ 7.10 ಅನ್ನು ಮೀಟರ್‌ನಲ್ಲಿ ಹುಡುಕಬೇಡಿ.