ಅಣ್ಣನ ನೆಗಡಿಗೆ ತಂದು ಉಳಿಸಿದ ಎರಡು ಮಾತ್ರೆ

ಫ್ರಿಜ್ ಮೇಲಿನ ಡಬ್ಬಿಯಲ್ಲಿ ಅರ್ಧ ಖಾಲಿಯಾದ ಆಂಟಿಬಯೋಟಿಕ್ ಸ್ಟ್ರಿಪ್ ಇಟ್ಟುಕೊಂಡಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥ ಒಂದು ಸ್ಟ್ರಿಪ್ ಒಂದೇ ಮನೆಯ ಇಬ್ಬರು ಮಕ್ಕಳಿಗೆ ಎರಡು ಥರದ ತೊಂದರೆ ಕೊಟ್ಟಿತು. ಅಣ್ಣನಿಗೆ ಆ ಔಷಧಿ ಬೇಕೇ ಇರಲಿಲ್ಲ. ತಂಗಿಗೆ ಬೇಕಿತ್ತು, ಆದರೆ ಸಾಕಾಗುವಷ್ಟು ಸಿಗಲಿಲ್ಲ.

ಅಣ್ಣನಿಗೆ 19 ವರ್ಷ. ಮೊದಲ ದಿನ ಗಂಟಲು ಕೆರೆತ, ಮರುದಿನ ಮೂಗು ಸೋರಲು ಶುರು, ಮೂರನೇ ದಿನ ಕೆಮ್ಮು, ದನಿ ಒಡೆದಿತ್ತು. ಜ್ವರವಿಲ್ಲ. ನಾಲ್ಕನೇ ದಿನ ಸಿಂಬಳ ಹಳದಿಗೆ ತಿರುಗಿದ್ದು ನೋಡಿ ‘ಇನ್ಫೆಕ್ಷನ್ ಆಗಿದೆ’ ಎಂದುಕೊಂಡು ಮೆಡಿಕಲ್ ಶಾಪಿಗೆ ಹೋದ. ಚೀಟಿ ಇಲ್ಲದೆಯೇ ಅಜಿತ್ರೋಮೈಸಿನ್ 500ರ ಐದು ಮಾತ್ರೆ ಸಿಕ್ಕವು. ಮೂರು ನುಂಗಿದ. ಎರಡನೇ ಮಾತ್ರೆಗೇ ಬೇಧಿ ಶುರುವಾಯಿತು. ಏಳನೇ ದಿನದ ಹೊತ್ತಿಗೆ ನೆಗಡಿ ಇಳಿಯಿತು. ಉಳಿದ ಎರಡು ಮಾತ್ರೆ ಡಬ್ಬಿ ಸೇರಿದವು.

ನೆಗಡಿ ಇಳಿದದ್ದು ಮಾತ್ರೆಯಿಂದಲ್ಲ. ನೆಗಡಿ ತರುವುದು ವೈರಸ್. ಅಂಥವು ಇನ್ನೂರಕ್ಕೂ ಹೆಚ್ಚಿವೆ, ಅದರಲ್ಲಿ ರೈನೋವೈರಸ್ ಎಲ್ಲಕ್ಕಿಂತ ಸಾಮಾನ್ಯ. ಅಮಾಕ್ಸಿಸಿಲಿನ್‌ನಂಥ ಔಷಧಿ ಬ್ಯಾಕ್ಟೀರಿಯಾ ತನ್ನ ಸುತ್ತ ಕಟ್ಟಿಕೊಳ್ಳುವ ಗೋಡೆಯನ್ನು ಕಟ್ಟಲು ಬಿಡುವುದಿಲ್ಲ. ಅಜಿತ್ರೋಮೈಸಿನ್ ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ತಯಾರಾಗುವ ಯಂತ್ರವನ್ನು ತಡೆಯುತ್ತದೆ. ವೈರಸ್ಸಿಗೆ ಆ ಗೋಡೆಯೂ ಇಲ್ಲ, ಸ್ವಂತ ಯಂತ್ರವೂ ಇಲ್ಲ. ಅದು ನಮ್ಮ ಜೀವಕೋಶದೊಳಗೆ ಹೊಕ್ಕು ನಮ್ಮ ಯಂತ್ರದಲ್ಲೇ ತನ್ನ ಕೆಲಸ ಮಾಡಿಸಿಕೊಳ್ಳುತ್ತದೆ. ಹೀಗಾಗಿ ಡೋಸ್ ಎಷ್ಟೇ ಹೆಚ್ಚಿಸಿದರೂ ನೆಗಡಿಯ ವೈರಸ್ಸಿಗೆ ಏನೂ ಆಗುವುದಿಲ್ಲ. ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಮಾತ್ರ ಪೆಟ್ಟು ಬೀಳುತ್ತದೆ. ಆ ಬೇಧಿ ಬಂದದ್ದು ಔಷಧಿಯಿಂದಲೇ.

ಹಾಗಾದರೆ ‘ಮಾತ್ರೆ ತಗೊಂಡೆ, ಕಡಿಮೆಯಾಯಿತು’ ಎಂದು ಎಲ್ಲರಿಗೂ ಅನ್ನಿಸುವುದೇಕೆ? ನೆಗಡಿ ಜೋರಾಗಿರುವುದು ಎರಡು ಮೂರನೇ ದಿನ. ಜನ ಅಂಗಡಿಗೆ ಹೋಗುವುದೂ ಹೆಚ್ಚುಕಡಿಮೆ ಆಗಲೇ. ಅಲ್ಲಿಂದ ಮುಂದೆ ಅದು ತಾನಾಗಿಯೇ ಇಳಿಯುತ್ತಾ ಏಳರಿಂದ ಹತ್ತು ದಿನದಲ್ಲಿ ಹೋಗುತ್ತದೆ, ಹೆಸರು ಮಾತ್ರೆಗೆ ಬರುತ್ತದೆ. ಕೆಮ್ಮು ಇನ್ನೂ ಒಂದೆರಡು ವಾರ ಎಳೆಯುವುದೂ ಉಂಟು. ಸಿಂಬಳದ ಹಳದಿ, ಹಸಿರು ಬಣ್ಣ ಬರುವುದು ವೈರಸ್ ಜೊತೆ ಹೋರಾಡಲು ಬಂದ ಬಿಳಿ ರಕ್ತಕಣಗಳಲ್ಲಿರುವ ಹಸಿರು ಬಣ್ಣದ ಕಿಣ್ವದಿಂದ. ಬಣ್ಣ ನೋಡಿ ಬ್ಯಾಕ್ಟೀರಿಯಾ ಎಂದು ತೀರ್ಮಾನಿಸುವಂತಿಲ್ಲ.

ಎರಡು ವಾರದ ನಂತರ ತಂಗಿಯ ಸರದಿ. ಎಂಟು ವರ್ಷದ ಹುಡುಗಿ, ತೂಕ 22 ಕಿಲೋ. ಬೆಳಿಗ್ಗೆ ಚೆನ್ನಾಗಿದ್ದವಳು ಸಂಜೆಗೆ ಎಂಜಲು ನುಂಗಲೂ ಆಗದೆ ಅಳತೊಡಗಿದಳು. ಜ್ವರ 102, ತಲೆನೋವು, ಒಂದು ಸಲ ವಾಂತಿ. ಮೂಗು ಸೋರುತ್ತಿಲ್ಲ, ಕೆಮ್ಮಿಲ್ಲ. ‘ಅಣ್ಣಂದೇ ಅಂಟಿಕೊಂಡಿದೆ’ ಎಂದುಕೊಂಡು ಮನೆಯವರು ಉಳಿದಿದ್ದ ಮಾತ್ರೆಯಲ್ಲಿ ದಿನಕ್ಕೆ ಅರ್ಧದಂತೆ ಎರಡು ದಿನ ಕೊಟ್ಟರು. ಜ್ವರ ಬಿಟ್ಟಿತು, ಮಾತ್ರೆಯನ್ನೂ ಬಿಟ್ಟರು.

ಈ ಎರಡು ಗಂಟಲು ನೋವು ಒಂದೇ ಅಲ್ಲ ಎಂಬುದು ಆ ಸಂಜೆಯೇ ಕಾಣುತ್ತಿತ್ತು. ವೈದ್ಯರು ಇದಕ್ಕೆ ಒಂದು ಸರಳ ಅಂಕಪಟ್ಟಿ ಬಳಸುತ್ತಾರೆ. 100.4 ಡಿಗ್ರಿಗಿಂತ ಹೆಚ್ಚು ಜ್ವರ, ಕೆಮ್ಮು ಇಲ್ಲದಿರುವುದು, ಟಾನ್ಸಿಲ್ ಊದಿರುವುದು ಅಥವಾ ಅದರ ಮೇಲೆ ಬಿಳಿ ಕೀವಿನ ಪದರ, ದವಡೆಯ ಕೆಳಗೆ ಕುತ್ತಿಗೆಯ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಡ್ಡೆ: ಇವು ಒಂದೊಂದಕ್ಕೂ ಒಂದು ಅಂಕ. ವಯಸ್ಸು 3ರಿಂದ 14ರೊಳಗಿದ್ದರೆ ಇನ್ನೊಂದು ಅಂಕ ಸೇರಿಸಬೇಕು, 45 ದಾಟಿದ್ದರೆ ಒಂದು ಕಳೆಯಬೇಕು. ಹುಡುಗಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಚಮಚದ ಹಿಡಿಯಿಂದ ನಾಲಿಗೆಯನ್ನು ಮೆಲ್ಲಗೆ ಒತ್ತಿ ಟಾರ್ಚ್ ಬಿಟ್ಟಿದ್ದರೆ, ಕೆಂಪಗೆ ಊದಿದ ಟಾನ್ಸಿಲ್ ಮೇಲೆ ಬಿಳಿ ಚುಕ್ಕೆಗಳೂ ಅಂಗುಳದ ಮೇಲೆ ರಕ್ತಬಣ್ಣದ ಸಣ್ಣ ಚುಕ್ಕೆಗಳೂ ಕಾಣುತ್ತಿದ್ದವು. ದವಡೆಯ ಕೆಳಗೆ ಮುಟ್ಟಿದ್ದರೆ ನೋಯುವ ಗಡ್ಡೆಯೂ ಸಿಗುತ್ತಿತ್ತು. ಅವಳಿಗೆ ಐದಕ್ಕೆ ಐದು ಅಂಕ. ಅಣ್ಣನಿಗೆ ಸೊನ್ನೆ. ಸೋರುವ ಮೂಗು, ಕೆಮ್ಮು, ಒಡೆದ ದನಿ, ಕೆಂಪಾದ ಕಣ್ಣು ಇವೆಲ್ಲ ವೈರಸ್ಸಿನ ಕಡೆಗೇ ಬೆರಳು ತೋರಿಸುತ್ತವೆ.

ಆದರೆ ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ನಾಲ್ಕು ಐದು ಅಂಕ ಬಂದವರಲ್ಲೂ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಸಿಗುತ್ತದೆ. ಬಿಳಿ ಪದರವನ್ನು ವೈರಸ್ ಕೂಡ ತರಬಲ್ಲದು. ಹದಿಹರೆಯದವರಲ್ಲಿ ಎಪ್‌ಸ್ಟೈನ್-ಬಾರ್ ವೈರಸ್ ಬಂದಾಗ ಟಾನ್ಸಿಲ್ ನೋಡಲು ಥೇಟ್ ಹೀಗೇ ಇರುತ್ತದೆ. ಅವರಿಗೆ ಅಮಾಕ್ಸಿಸಿಲಿನ್ ಕೊಟ್ಟರೆ ಕೆಲವು ದಿನಗಳಲ್ಲಿ ಮೈತುಂಬ ಕೆಂಪು ಗಂಧೆ ಏಳಬಹುದು. ಆದ್ದರಿಂದ ಅಂಕಪಟ್ಟಿ ಹೇಳುವುದು ಯಾರಿಗೆ ಪರೀಕ್ಷೆ ಬೇಕು ಎಂಬುದನ್ನಷ್ಟೇ. ಸೊನ್ನೆ, ಒಂದಕ್ಕೆ ಸಾಮಾನ್ಯವಾಗಿ ಪರೀಕ್ಷೆಯೂ ಬೇಡ, ಆಂಟಿಬಯೋಟಿಕ್ಕೂ ಬೇಡ. ಅದಕ್ಕಿಂತ ಮೇಲಿದ್ದರೆ ವೈದ್ಯರು ಗಂಟಲಿನಿಂದ ಸ್ವಾಬ್ ತೆಗೆಯುತ್ತಾರೆ. ರಾಪಿಡ್ ಟೆಸ್ಟ್ ಇದ್ದಲ್ಲಿ ಕೆಲವೇ ನಿಮಿಷದಲ್ಲಿ ಉತ್ತರ, ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಆದರೆ ಒಂದೆರಡು ದಿನ. ಸ್ವಾಬ್ ಕೊಡುವುದು ಮೊದಲ ಆಂಟಿಬಯೋಟಿಕ್ ಡೋಸಿಗೆ ಮುಂಚೆ ಆಗಬೇಕು. ಅರ್ಧ ಮಾತ್ರೆ ನುಂಗಿ ಹೋದರೂ ಕಲ್ಚರಿನಲ್ಲಿ ಏನೂ ಬೆಳೆಯದೆ ಹೋಗಬಹುದು, ಕಾಯಿಲೆ ಮಾತ್ರ ಒಳಗೇ ಉಳಿದಿರುತ್ತದೆ.

ಸ್ಟ್ರೆಪ್ ಎಂದು ಖಚಿತವಾದರೆ ಔಷಧಿ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್, ತೂಕ ನೋಡಿ, ಹತ್ತು ದಿನ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಅಜಿತ್ರೋಮೈಸಿನ್ ಕೊಡುವುದುಂಟು, ಅದೂ ಐದು ದಿನ, ಕಿಲೋಗೆ 12 ಮಿಲಿಗ್ರಾಮ್ ಲೆಕ್ಕದಲ್ಲಿ. ಈ ಹುಡುಗಿಗೆ ದಿನಕ್ಕೆ 264 ಮಿಲಿಗ್ರಾಮ್ ಆಗುತ್ತಿತ್ತು. ಮನೆಯವರು ಅಂದಾಜಿನಲ್ಲಿ ಕೊಟ್ಟ ಅರ್ಧ ಮಾತ್ರೆ 250, ಹತ್ತಿರದಲ್ಲೇ ಇತ್ತು. ತಪ್ಪಿದ್ದು ದಿನಗಳಲ್ಲಿ. ಸ್ಟ್ರೆಪ್ ಜ್ವರ ಔಷಧಿ ಇಲ್ಲದೆಯೂ ಮೂರರಿಂದ ಐದು ದಿನದಲ್ಲಿ ಬಿಡುತ್ತದೆ, ಹಾಗಾಗಿ ಜ್ವರ ಬಿಟ್ಟದ್ದು ಬ್ಯಾಕ್ಟೀರಿಯಾ ಹೋದದ್ದಕ್ಕೆ ಗುರುತಲ್ಲ. ಹತ್ತು ದಿನ ಕೊಡುವುದು ಗಂಟಲಿನಿಂದ ಅದನ್ನು ಪೂರ್ತಿ ತೆಗೆಯುವುದಕ್ಕೆ.

ಮೂರನೇ ವಾರ ಅವಳ ಬಲ ಮೊಣಕಾಲು ಊದಿತು. ಎರಡು ದಿನಕ್ಕೆ ಅದು ಇಳಿದು ಎಡಗಾಲಿನ ಹರಡು ಊದಿತು, ಮತ್ತೆ ಜ್ವರ. ರಕ್ತಪರೀಕ್ಷೆಯಲ್ಲಿ, ಸ್ಟ್ರೆಪ್ ಬಂದುಹೋದದ್ದನ್ನು ತೋರಿಸುವ ಎಎಸ್‌ಒ ಏರಿತ್ತು, ಎಕೋ ಮಾಡಿದಾಗ ಹೃದಯದ ಮೈಟ್ರಲ್ ಕವಾಟ ಸೋರುತ್ತಿತ್ತು. ಇದು ರುಮ್ಯಾಟಿಕ್ ಜ್ವರ. ಸ್ಟ್ರೆಪ್ ವಿರುದ್ಧ ಎದ್ದ ದೇಹದ ರಕ್ಷಣಾ ಪಡೆ ಕೀಲು ಮತ್ತು ಹೃದಯದ ಮೇಲೂ ತಿರುಗಿ ಬೀಳುವುದರಿಂದ ಬರುವಂಥದ್ದು. ಸ್ಟ್ರೆಪ್ ಬಂದ ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ, ಕೆಲವರಿಗೇ ಆಗುವುದು. ಆದರೆ ಯಾರಿಗೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಸರಿಯಾದ ಔಷಧಿ ಆರಂಭಿಸಿದರೂ ಇದನ್ನು ಬಹುಮಟ್ಟಿಗೆ ತಡೆಯಬಹುದು. ಅಂದರೆ ಪರೀಕ್ಷೆಯ ಫಲಿತಾಂಶಕ್ಕೆ ಎರಡು ದಿನ ಕಾಯಲು ಸಮಯ ಧಾರಾಳವಾಗಿತ್ತು.

ನೆಗಡಿಯ ಗಂಟಲಿಗೆ ಒಂದು ಲೋಟ ಬಿಸಿನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುವುದು, ನೋವು ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ಪ್ಯಾರಾಸಿಟಮಾಲ್ ಕಿಲೋಗೆ 10ರಿಂದ 15 ಮಿಲಿಗ್ರಾಮ್, ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಬಿಡಬೇಕು. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಬೇಡಿ. ಬಾಯಿ ತೆರೆಯಲಾಗದಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ಉಸಿರಾಡಲು ಕಷ್ಟವಾದರೆ, ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವರ ಹಾಗೆ ಮಾತು ತೊದಲಿದರೆ, ಕುತ್ತಿಗೆ ದಪ್ಪಗೆ ಊದಿ ಗಂಟಲಲ್ಲಿ ಬೂದು ಪೊರೆ ಕಂಡರೆ ಅಂಕ ಎಣಿಸುತ್ತ ಕೂರದೆ ಆಗಲೇ ಆಸ್ಪತ್ರೆಗೆ ಹೊರಡಿ.

ಆ ಹುಡುಗಿಗೆ ಈಗ 21 ದಿನಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್. ಮತ್ತೊಮ್ಮೆ ಸ್ಟ್ರೆಪ್ ಬಂದು ಕವಾಟ ಇನ್ನಷ್ಟು ಹಾಳಾಗದಿರಲಿ ಎಂದು. ಕವಾಟಕ್ಕೆ ಪೆಟ್ಟಾದವರಿಗೆ ಇದನ್ನು ಕನಿಷ್ಠ ಹತ್ತು ವರ್ಷ ಕೊಡುತ್ತಾರೆ.