ಸಿಟ್ಟಲ್ಲಿ ಒಂದು ಸ್ಟಾರ್ ಕೊಟ್ಟು ಬೈದು ಬರೆಯಬೇಡಿ, 600 ರೂಪಾಯಿಯ ದೂರೇ ಅಳಿಸಿಹೋಯಿತು

ನಂದಿ ಬೆಟ್ಟದ ಸೂರ್ಯೋದಯ ನೋಡೋಕೆ ಅಂತ ಒಂದು ಕುಟುಂಬ ಚಿಕ್ಕಬಳ್ಳಾಪುರದ ಕಡೆಯ ಒಂದು ಹೋಟೆಲಿನಲ್ಲಿ ಶನಿವಾರ ರಾತ್ರಿ ರೂಮ್ ಮಾಡಿತ್ತು. ಬುಕಿಂಗ್ ಪುಟದಲ್ಲಿ ‘24 ಗಂಟೆ ಬಿಸಿನೀರು’ ಅಂತ ಬರೆದಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ನಲ್ಲಿ ತಿರುಗಿಸಿದರೆ ತಣ್ಣೀರು. ಮಗುವಿಗೆ ಅಂತ ತರಿಸಿಕೊಂಡ ಹಾಸಿಗೆಗೆ 600 ರೂಪಾಯಿ ಕ್ಯಾಶ್ ತಗೊಂಡಿದ್ದರು, ಆದರೆ ಕೊನೆಯಲ್ಲಿ ಕೊಟ್ಟ ಬಿಲ್ಲಿನಲ್ಲಿ ಅದರ ಸುಳಿವೇ ಇಲ್ಲ. ಎರಡೂ ಗಟ್ಟಿ ದೂರುಗಳೇ. ವಾಪಸ್ ಬರುವಾಗ ಕಾರಲ್ಲೇ ಕೂತು ಗೂಗಲ್ ಮ್ಯಾಪ್ಸ್‌ನಲ್ಲಿ ಅವರು ಬರೆದದ್ದು ಹೀಗಿತ್ತು:

“ಥೂ, ದರಿದ್ರ ಹೋಟೆಲ್. ಕರೆಂಟ್ ಉಳಿಸೋಕೆ ರಾತ್ರಿ ಗೀಸರ್ ಆಫ್ ಮಾಡ್ತಾರೆ. ಕೌಂಟರಲ್ಲಿ ಕೂತ ಹುಡುಗನಿಗೆ ಮಾನ ಮರ್ಯಾದೆ ಇಲ್ಲ. ಎಲ್ಲಾ ಕಳ್ಳರು, ಹಾಸಿಗೆಗೂ ದುಡ್ಡು ಕಿತ್ಕೋತಾರೆ. ಯಾರೂ ಹೋಗ್ಬೇಡಿ.”

ಮಾಲೀಕರು ಅದರ ಕೆಳಗೇ ಉತ್ತರ ಹಾಕಿದರು: “ನಮ್ಮಲ್ಲಿ ಗೀಸರೇ ಇಲ್ಲ, ಸೋಲಾರ್ ಇರೋದು. ಇವರು ಹೇಳೋದೆಲ್ಲ ಸುಳ್ಳು.” ಆಮೇಲೆ ನಿಂದನೆ ಅಂತ ರಿಪೋರ್ಟ್ ಮಾಡಿದರು, ರಿವ್ಯೂ ತೆಗೆದುಹಾಕಲಾಯಿತು. ಮುಂದಿನ ವಾರ ಬಂದವರಿಗೂ ಬೆಳಗಿನ ಜಾವ ತಣ್ಣೀರೇ ಸಿಕ್ಕಿರುತ್ತೆ, ಆದರೆ ಅವರಿಗೆ ಹೇಳೋಕೆ ಅಲ್ಲಿ ಏನೂ ಉಳಿದಿರಲಿಲ್ಲ.

ಬೈಗುಳದಿಂದ ರಿವ್ಯೂ ಹೋಯಿತು, ಸರಿ. ಆದರೆ ಅದು ಹೋಗುವ ಮೊದಲೇ ಸೋತಿದ್ದು ಗೀಸರ್ ಅನ್ನುವ ಊಹೆಯಿಂದ. ನೀರು ತಣ್ಣಗಿದ್ದದ್ದು ಕಣ್ಣಾರೆ ಕಂಡದ್ದು. ಯಾಕೆ ತಣ್ಣಗಿತ್ತು ಅನ್ನೋದು ಅಂದಾಜು. ಸೋಲಾರ್ ಟ್ಯಾಂಕಿನ ಬಿಸಿನೀರು ಸಂಜೆಯೇ ಖಾಲಿಯಾದರೆ ತುಂಬಿಕೊಳ್ಳೋದು ತಣ್ಣೀರು, ಬಿಸಿಲು ಬರೋವರೆಗೂ ಅದು ಬಿಸಿಯಾಗೋಲ್ಲ. ಅಂದರೆ 24 ಗಂಟೆ ಅನ್ನುವ ಮಾತು ಸೋಲಾರ್ ಒಂದನ್ನೇ ನಂಬಿದ ಕಡೆ ನಿಲ್ಲೋದೇ ಕಷ್ಟ. ದೂರು ನಿಜವೇ, ಕಾರಣ ಮಾತ್ರ ತಪ್ಪು. ಆ ಒಂದು ತಪ್ಪನ್ನು ಹಿಡಿದು ಮಾಲೀಕರು ಇಡೀ ಬರಹವನ್ನೇ ಸುಳ್ಳು ಮಾಡಿಬಿಟ್ಟರು.

‘ಕಳ್ಳರು’ ಅನ್ನೋದರಲ್ಲಿ ಇನ್ನೊಂದು ಅಪಾಯವಿದೆ. ಸಾಬೀತು ಮಾಡಲಾಗದ ಅಂಥ ಮಾತು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನ ಮಾನಹಾನಿ ದೂರಿಗೆ ದಾರಿ ಮಾಡಿಕೊಡಬಹುದು. ‘600 ರೂಪಾಯಿ ಬಿಲ್ಲಿನಲ್ಲಿ ಇಲ್ಲ’ ಅಂತ ಬರೆದು ಬಿಲ್ಲಿನ ಫೋಟೊ ಹಾಕಿದರೆ ಓದುವವರಿಗೆ ಬೇಕಾದದ್ದೆಲ್ಲ ಅದರಲ್ಲೇ ಇರುತ್ತೆ, ಮಾಲೀಕರೂ ಅದಕ್ಕೆ ಉತ್ತರ ಹುಡುಕಬೇಕಾಗುತ್ತೆ. ಫೋಟೊದಲ್ಲಿ ನಿಮ್ಮ ಫೋನ್ ನಂಬರ್, ವಿಳಾಸ ಮುಚ್ಚಿ ಹಾಕಿ.

ತಿದ್ದೋಕೆ ಕೂತಾಗ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಹಾಕಿ: ಇದನ್ನು ನಾನು ಕಂಡೆನಾ, ಕೇಳಿದೆನಾ, ಇಲ್ಲ ಅಂದುಕೊಂಡೆನಾ? ಅಂದುಕೊಂಡದ್ದನ್ನು ತೆಗೆಯಿರಿ. ಹುಡುಗನ ಮರ್ಯಾದೆಯ ಬದಲು ಅವನು ಹೇಳಿದ ಮಾತನ್ನೇ ಬರೆಯಿರಿ. ಆಗ ಮೇಲಿನದು ಹೀಗಾಗುತ್ತೆ:

“ಆಗಸ್ಟ್ ಮೂರನೇ ಶನಿವಾರ, ಒಂದು ರಾತ್ರಿ, ಡಬಲ್ ರೂಮ್, ಇಬ್ಬರು ದೊಡ್ಡವರು, ಒಂದು ಮಗು. ಬುಕಿಂಗ್ ಪುಟದಲ್ಲಿ 24 ಗಂಟೆ ಬಿಸಿನೀರು ಎಂದಿದೆ. ಬೆಳಿಗ್ಗೆ 4.30ಕ್ಕೂ 5ಕ್ಕೂ ತಣ್ಣೀರೇ ಬಂತು. ಕೌಂಟರಿಗೆ ಹೇಳಿದಾಗ ‘ಎಂಟು ಗಂಟೆ ಮೇಲೆ ಬರುತ್ತೆ’ ಎಂದರು, ಬಕೆಟ್‌ನಲ್ಲಿ ಕಾಯಿಸಿ ಕೊಡಿ ಎಂದರೆ ಆಗಲ್ಲ ಎಂದರು. ಹೆಚ್ಚುವರಿ ಹಾಸಿಗೆಗೆ 600 ರೂಪಾಯಿ ಎಂದು ಬುಕಿಂಗ್ ಮಾಡುವಾಗ ತಿಳಿಸಿರಲಿಲ್ಲ, ಕ್ಯಾಶ್ ತಗೊಂಡರು, ಬಿಲ್ಲಿನಲ್ಲಿ ಸೇರಿಸಿಲ್ಲ. ರೂಮ್ ಚೊಕ್ಕವಾಗಿತ್ತು. ಆ 600ಕ್ಕೆ ರಸೀದಿ ಕೊಡಬೇಕು, ಬಿಸಿನೀರು ಬರುವ ಸಮಯವನ್ನು ಪುಟದಲ್ಲಿ ಸರಿಯಾಗಿ ಹಾಕಬೇಕು. ಬೆಳಗಿನ ಜಾವ ಹೊರಡುವವರು ಮೊದಲೇ ಕೇಳಿಕೊಳ್ಳಿ.”

ದೂರು ಒಂದಿಷ್ಟೂ ಮೆತ್ತಗಾಗಿಲ್ಲ ನೋಡಿ. ರೂಮ್ ಚೊಕ್ಕವಾಗಿತ್ತು ಅನ್ನೋದು ನಿಜವಿದ್ದರೆ ಮಾತ್ರ ಬರೆಯಿರಿ, ಒಳ್ಳೆಯವರು ಅನ್ನಿಸಿಕೊಳ್ಳೋಕೆ ಬೇಡ. ಸ್ಟಾರ್ ಕೂಡ ಅಷ್ಟೇ: ನಿಮ್ಮ ಲೆಕ್ಕದಲ್ಲಿ ಒಂದೇ ಅಂದರೆ ಒಂದೇ ಇರಲಿ, ಮಾತು ನಯವಾಯಿತು ಅಂತ ಅದನ್ನು ಏರಿಸಬೇಕಿಲ್ಲ.

ಸಿಟ್ಟಲ್ಲಿ ಬರೆದದ್ದನ್ನು ಈಗಾಗಲೇ ಪೋಸ್ಟ್ ಮಾಡಿಬಿಟ್ಟಿದ್ದರೂ, ಅದು ಅಲ್ಲೇ ಉಳಿದಿದ್ದರೆ ನಿಮ್ಮ ರಿವ್ಯೂ ಪಕ್ಕದ ಮೂರು ಚುಕ್ಕೆ ಒತ್ತಿ ‘Edit review’ ಆರಿಸಿ, ತಿದ್ದಿ. ಹೋಟೆಲಿನವರು ಫೋನ್ ಮಾಡಿ ‘ರಿವ್ಯೂ ತೆಗೀರಿ, ದುಡ್ಡು ಕೊಡ್ತೀವಿ’ ಅಂದರೆ ಒಪ್ಪಬೇಡಿ. ಹಾಗೆ ಕೊಟ್ಟು ತೆಗೆಸೋದು ಗೂಗಲ್ ನಿಯಮಕ್ಕೇ ವಿರುದ್ಧ. ನಿಮಗೆ ಬರಬೇಕಾದ ಹಣವನ್ನೇ ವಾಪಸ್ ಕೊಟ್ಟರೆ, ‘600 ಇಂಥ ದಿನ ವಾಪಸ್ ಬಂತು’ ಅಂತ ಕೊನೆಗೊಂದು ಸಾಲು ಸೇರಿಸಿ, ಉಳಿದದ್ದು ಹಾಗೇ ಇರಲಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಮೊದಲು ಕೇಳೋದು ಯಾವ ದಿನ, ಎಷ್ಟು ಹಣ, ಬಿಲ್ ಇದೆಯಾ ಅಂತಲೇ.