ಅದೇ 90 ನಿಮಿಷ, ಮೂರು ಲೆಕ್ಕ: ಚೆಸ್ ಗಡಿಯಾರದ ಜೊತೆ ಮಾಡಿ ನೋಡಿದ್ದು

ಮೈಸೂರಿನ ಒಂದು ಟೂರ್ನಮೆಂಟಿನ ಸ್ಕೋರ್‌ಶೀಟ್ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ಸೋತ ಆಟ. ಆದರೆ ಅವತ್ತು ಪ್ರತಿ ನಡೆಯ ಪಕ್ಕದಲ್ಲೂ ಗಡಿಯಾರದಲ್ಲಿ ಎಷ್ಟು ನಿಮಿಷ ಉಳಿದಿದೆ ಅಂತ ಬರೆದುಕೊಂಡಿದ್ದೆ. ಹಾಗೆ ಬರೆಯೋಕೆ ನಿಯಮದಲ್ಲಿ ಅವಕಾಶ ಇದೆ. ಆ ಅಂಕಿಗಳನ್ನು ನೋಡಿದ ಮೇಲೆಯೇ ನನ್ನ ಟೈಮ್ ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಗಿದ್ದು.

ಆಟ 90+30, ಅಂದರೆ ಇಡೀ ಆಟಕ್ಕೆ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡು ಸೇರುತ್ತೆ. ನನ್ನದು ಬಿಳಿ ಕಾಯಿ. ಮೊದಲ ಹತ್ತು ನಡೆ ಹೀಗಿತ್ತು:

```
1.d4 d5 2.c4 e6 3.Nc3 Nf6 4.cxd5 exd5 5.Bg5 Be7
6.e3 O-O 7.Bd3 Nbd7 8.Qc2 Re8 9.Nf3 Nf8 10.O-O c6
```

ಇದು ಸಾವಿರಾರು ಜನ ಆಡಿರುವ ಜಾಗ. ಇಲ್ಲಿಗೆ ಬಂದಾಗ ನನ್ನ ಹತ್ತಿರ 88 ನಿಮಿಷ ಇತ್ತು. ಈಗ ಆನೆಯನ್ನು b1ಗೆ ತಂದು ರಾಣಿ ಕಡೆಯ ಪಾನ್ ತಳ್ಳಬಹುದು. ಇಲ್ಲ, ಆನೆಯನ್ನು e1ಗೆ ತಂದು ಮಧ್ಯದಲ್ಲಿ ಆಡಬಹುದು. ಎರಡೂ ಒಳ್ಳೆಯದೇ. ನಾನು b1 ನೋಡಿದೆ, e1 ನೋಡಿದೆ, ಮತ್ತೆ b1, ಮತ್ತೆ e1. ಕೊನೆಗೆ ಎರಡನ್ನೂ ಬಿಟ್ಟು, ಒಂದು ನಿಮಿಷವೂ ಯೋಚಿಸದ h3 ಆಡಿದೆ. ಶೀಟಿನಲ್ಲಿ 69 ಅಂತ ಇದೆ. ಹತ್ತೊಂಬತ್ತೂವರೆ ನಿಮಿಷ ಹೋಗಿತ್ತು. h3 ಕೆಟ್ಟ ನಡೆಯೇನಲ್ಲ. ಆದರೆ ಅಷ್ಟು ಹೊತ್ತಿನ ಯೋಚನೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

14ನೇ ನಡೆಯಲ್ಲಿ, ಆಗಲೇ ತೀರ್ಮಾನ ಮಾಡಿದ್ದ b4 ತಳ್ಳೋಕೆ 21 ನಿಮಿಷ. 16ರಲ್ಲಿ ಇನ್ನೊಂದು ಆನೆ c1ಗೋ e1ಗೋ ಅಂತ 17 ನಿಮಿಷ. ಈ ಮೂರೇ ನಡೆಗೆ ಒಂದು ಗಂಟೆಗೆ ಎರಡೂವರೆ ನಿಮಿಷ ಕಡಿಮೆ. 18ನೇ ನಡೆ ಮುಗಿದಾಗ ಉಳಿದದ್ದು 7 ನಿಮಿಷ.

ಆಗ ಎದುರಾಳಿ ಕುದುರೆಯನ್ನು e4ಗೆ ತಂದ. ಕಪ್ಪು ಮನೆಯ ಒಂಟೆಗಳು ಅಷ್ಟರಲ್ಲಿ ಬೋರ್ಡಿನಿಂದ ಹೋಗಿದ್ದವು. ಅವನ ರಾಣಿ e7ರಲ್ಲಿ, ಆನೆ e8ರಲ್ಲಿ, ಇನ್ನೊಂದು ಕುದುರೆ g6ರಲ್ಲಿ. ಇಡೀ ಆಟದಲ್ಲಿ ಕೂತು ಎಣಿಸಬೇಕಾಗಿದ್ದ ಜಾಗ ಅಂದರೆ ಇದೇ. ಒಂಟೆಯಿಂದ ಹೊಡೆದರೆ ಅವನ d5 ಪಾನ್ e4ಗೆ ಬಂದು ನನ್ನ f3 ಕುದುರೆಯನ್ನು ಓಡಿಸುತ್ತೆ. ಮೂರು ನಿಮಿಷ ನೋಡಿ ಹೊಡೆದೆ. ಪಾನ್ ಬಂತು. ಕುದುರೆಯನ್ನು d2ಗೆ ತೆಗೆದಿದ್ದರೆ e4 ಪಾನ್ ಮೇಲೆ ನನ್ನ ಎರಡು ಕುದುರೆ ಮತ್ತು ರಾಣಿಯ ಕಣ್ಣು ಬೀಳುತ್ತಿತ್ತು. ಅವನು ಒಂಟೆಯನ್ನು f5ಗೆ ತಂದು ಕಾಯಬೇಕಾಗುತ್ತಿತ್ತು, ಆಟ ಸಮವಾಗಿಯೇ ಇರುತ್ತಿತ್ತು. ನಾನು ಗಾಬರಿಯಲ್ಲಿ e5ಗೆ ಹಾರಿಸಿದೆ. ಅವನ ಕುದುರೆ ಹೊಡೆಯಿತು, ನಾನು d ಪಾನಿನಿಂದ ಹೊಡೆದೆ, ಅವನ ರಾಣಿ ಆ ಪಾನನ್ನು ಎತ್ತಿಕೊಂಡಿತು. ಒಂದು ಪಾನ್ ಕಡಿಮೆ, ಗಡಿಯಾರದಲ್ಲಿ ನಾಲ್ಕು ನಿಮಿಷ. 30 ಸೆಕೆಂಡು ಸೇರುವ ಆಟದಲ್ಲಿ ಐದು ನಿಮಿಷಕ್ಕಿಂತ ಕಡಿಮೆ ಇದ್ದರೂ ನಡೆ ಬರೆಯುವುದನ್ನು ನಿಲ್ಲಿಸೋ ಹಾಗಿಲ್ಲ. ಬರೆಯೋಕೆ, ಗುಂಡಿ ಒತ್ತೋಕೆ ಹೋಗುವ ಹೊತ್ತು ಕಳೆದರೆ ಯೋಚನೆಗೆ ಸಿಗೋದು ಇಪ್ಪತ್ತು ಸೆಕೆಂಡು ಚಿಲ್ಲರೆ.

ಆಮೇಲೆ ಭಾನುವಾರ ಬೆಳಿಗ್ಗೆ ರೈಲು ಹತ್ತಿ ಮಂಡ್ಯಕ್ಕೆ ಹೋಗೋಕೆ ಶುರು ಮಾಡಿದೆ. ಅಲ್ಲಿ ನಮಗೆ ಗೊತ್ತಿರುವ ಒಬ್ಬ ರಿಟೈರ್ಡ್ ಮೇಷ್ಟ್ರು ಇದ್ದಾರೆ. ಅವರ ಮನೆ ಜಗುಲಿ ಮೇಲೆ ಬೋರ್ಡು, ಡಿಜಿಟಲ್ ಕ್ಲಾಕ್. ಶೀಟ್ ನೋಡಿದವರೇ ಅಂದರು: “ನೀನು ಇಲ್ಲಿ ಯೋಚನೆ ಮಾಡಿಲ್ಲ ಕಣಪ್ಪ. ಎರಡು ಮನೆ ಮಧ್ಯೆ ಓಡಾಡಿದ್ದೀಯ ಅಷ್ಟೇ.” ಟೈಮ್ ಟ್ರಬಲ್ ತಪ್ಪಿಸೋಕೆ ಬೇರೆ ಬೇರೆಯವರು ಹೇಳುವ ಮೂರು ವಿಧಾನ ಇಟ್ಟುಕೊಂಡು, ಒಂದೊಂದಕ್ಕೂ ಎಂಟೆಂಟು ಆಟ ಆಡಿದೆವು. ಮಾಜಿ ವಿಶ್ವ ಚಾಂಪಿಯನ್ ಬೊಟ್ವಿನಿಕ್ ಟೈಮ್ ಟ್ರಬಲ್ ಇರುವವರಿಗೆ ಒಂದು ಅಭ್ಯಾಸ ಹೇಳಿದ್ದರು: ತರಬೇತಿ ಆಟಗಳಲ್ಲಿ ಗೆಲುವು ಸೋಲು ಬಿಟ್ಟುಬಿಡಿ, ಗಡಿಯಾರವನ್ನು ಮಾತ್ರ ನೋಡಿ ಅಂತ. ನಾವೂ ಹಾಗೇ ಮಾಡಿದೆವು. ಹಾಗಾಗಿ ಯಾರು ಗೆದ್ದರು ಅನ್ನೋದನ್ನು ಇಲ್ಲಿ ಬರೆಯುತ್ತಿಲ್ಲ.

ಮೊದಲನೆಯದು, ಮೈಲಿಗಲ್ಲು. ಇಷ್ಟನೇ ನಡೆಗೆ ಇಷ್ಟು ನಿಮಿಷ ಉಳಿದಿರಬೇಕು ಅಂತ ಮೊದಲೇ ಗೊತ್ತು ಮಾಡಿಕೊಳ್ಳೋದು. 90+30ಕ್ಕೆ ನಾನು ಇಟ್ಟುಕೊಂಡದ್ದು 10ನೇ ನಡೆಗೆ 80, 20ಕ್ಕೆ 55, 30ಕ್ಕೆ 30. ಇದನ್ನು ಬಾಯಿಪಾಠ ಮಾಡಬೇಕು. ಉಳಿದ ಸಮಯ ಬರೆಯಬಹುದು, ಆದರೆ ಈ ಥರ ಪಟ್ಟಿ ಬರೆದಿಟ್ಟುಕೊಂಡರೆ ಅದು ಟಿಪ್ಪಣಿ ಆಗುತ್ತೆ, ಆರ್ಬಿಟರ್ ಸುಮ್ನೆ ಬಿಡಲ್ಲ.

ಇದು ಕಲಿಯೋಕೆ ಸುಲಭ. ಆದರೆ ಜ್ವರ ಎಷ್ಟಿದೆ ಅಂತ ಹೇಳುತ್ತೆ, ಮಾತ್ರೆ ಕೊಡಲ್ಲ. ಒಂದು ಆಟದಲ್ಲಿ 20ನೇ ನಡೆಗೆ ನನ್ನ ಹತ್ತಿರ 41 ಇತ್ತು. ಹದಿನಾಲ್ಕು ನಿಮಿಷ ಹಿಂದೆ ಬಿದ್ದಿದ್ದೇನೆ ಅಂತ ಮುಂದಿನ ಮೂರು ನಡೆ ಪಟಪಟ ಆಡಿದೆ. ಆ ಮೂರರಲ್ಲೇ ರಾಣಿ ಬದಲಾಯಿಸಬೇಕೋ ಬೇಡವೋ ಅನ್ನುವ ಪ್ರಶ್ನೆ ಇತ್ತು. ಹಿಂದೆ ಕಳೆದ ಹೊತ್ತಿನ ಸಾಲವನ್ನು ತಪ್ಪು ಜಾಗದಲ್ಲಿ ತೀರಿಸಿದ ಹಾಗಾಯಿತು.

ಎರಡನೆಯದು, ನಡೆಗೆ ಮಿತಿ. ಯಾವ ನಡೆಗೂ ಆರು ನಿಮಿಷಕ್ಕಿಂತ ಜಾಸ್ತಿ ಇಲ್ಲ. ಹತ್ತೊಂಬತ್ತು ನಿಮಿಷದ ಓಡಾಟ ಮೊದಲ ಆಟದಲ್ಲೇ ನಿಂತಿತು. ಅದರ ಮಟ್ಟಿಗೆ ಇದು ಮೈಲಿಗಲ್ಲಿಗಿಂತ ಮೇಲು. ಆದರೆ ಎರಡು ತೊಂದರೆ ಕಂಡಿತು. ಮಿತಿ ಅಂತ ಇಟ್ಟದ್ದು ನಿಧಾನಕ್ಕೆ ಹಕ್ಕಾಗಿಬಿಡುತ್ತೆ. ಎರಡು ನಿಮಿಷ ಸಾಕಾಗಿದ್ದ ನಡೆಗೂ ಐದೂವರೆ ತೆಗೆದುಕೊಳ್ಳುತ್ತಿದ್ದೆ. ಹತ್ತು ನಡೆಗೆ ಹಾಗೆ ಮಾಡಿದರೆ ಹೆಚ್ಚುಕಡಿಮೆ ಒಂದು ಗಂಟೆ ಹೋಯಿತು ಅಲ್ವಾ? ಇನ್ನೊಂದು, ನಿಜವಾಗಿ ಹದಿನೈದು ನಿಮಿಷ ಬೇಕಾದ ಜಾಗದಲ್ಲೂ ಇದು ಕತ್ತರಿಸುತ್ತೆ. ನಾಲ್ಕು ನಡೆ ಮುಂದೆ ಎಣಿಸುತ್ತಿರುವಾಗ ಗಡಿಯಾರದ ಕಡೆ ಕಣ್ಣು ಹೋದರೆ ಮನಸ್ಸಿನಲ್ಲಿದ್ದ ಬೋರ್ಡು ಕಲಸಿಹೋಗುತ್ತೆ. ಮತ್ತೆ ಮೊದಲಿಂದ ಎಣಿಸಬೇಕು.

ಮೂರನೆಯದು, ಮೊದಲು ವಿಂಗಡಿಸು. ನನಗೆ ಹಿಡಿಸಿದ್ದು ಇದು. ಎದುರಾಳಿ ಆಡಿದ ತಕ್ಷಣ ಮೊದಲ ಅರ್ಧ ನಿಮಿಷ ನಡೆ ಹುಡುಕೋದಿಲ್ಲ. ಒಂದೇ ಪ್ರಶ್ನೆ: ಈಗ ಆಡುವುದನ್ನು ಆಮೇಲೆ ವಾಪಸ್ ತೆಗೆದುಕೊಳ್ಳೋಕೆ ಆಗುತ್ತಾ? ಆನೆ b1ಗೆ ಹೋದರೆ ಬೇಕಾದಾಗ e1ಗೆ ಬರಬಹುದು, ಹೆಚ್ಚೆಂದರೆ ಒಂದು ನಡೆ ನಷ್ಟ. ಅಂಥದ್ದಕ್ಕೆ ಎರಡು ಮೂರು ನಿಮಿಷ ಸಾಕು. ಪಾನ್ ತಳ್ಳಿದರೆ ಹಿಂದೆ ಬರಲ್ಲ. ಕಾಯಿ ಬದಲಾಯಿಸಿದರೆ ಅದು ಬೋರ್ಡಿಗೆ ಮತ್ತೆ ಬರಲ್ಲ. ರಾಜನ ಮುಂದಿನ ಗೋಡೆ ಒಡೆದರೆ ಮುಚ್ಚೋಕೆ ಆಗಲ್ಲ. ಇವಕ್ಕೆ ಹತ್ತು, ಹದಿನೈದು ನಿಮಿಷ ಕೊಡಬಹುದು, ಕೊಡಲೇಬೇಕು. ಹಾಗೆ ನೋಡಿದರೆ ಸೋತ ಆಟದ 11 ಮತ್ತು 16ನೇ ನಡೆ ಎರಡು ನಿಮಿಷದ ಗುಂಪಿಗೆ ಸೇರುತ್ತವೆ. b4 ಪಾನ್ ನಡೆಯೇ ಆದರೂ ಆ ತೀರ್ಮಾನ ಮುಂಚೆಯೇ ಆಗಿತ್ತು. e4ರಲ್ಲಿ ಹೊಡೆಯುವುದು ಮಾತ್ರ ಹದಿನೈದರ ಗುಂಪು. ನಾನು ಹಂಚಿದ್ದು ಪೂರ್ತಿ ಉಲ್ಟಾ.

ಇದರ ಜೊತೆಗೆ ಮೇಷ್ಟ್ರು ಒಂದು ಮಾತು ಸೇರಿಸಿದರು. “ಎರಡು ನಡೆ ನೋಡಿ, ಮತ್ತೆ ಮೊದಲನೇದಕ್ಕೆ ವಾಪಸ್ ಬಂದೆ ಅನ್ಕೋ. ಹೊಸದೇನಾದ್ರೂ ಕಂಡ್ತಾ? ಇಲ್ವಾ? ಹಂಗಾದ್ರೆ ಅದನ್ನೇ ಆಡ್ಬಿಡು.” ಗಡಿಯಾರ ನೋಡದೆಯೇ ಓಡಾಟ ನಿಲ್ಲಿಸುವ ದಾರಿ ಇದು. ಆರು ನಿಮಿಷದ ಮಿತಿ ಮಾಡುತ್ತಿದ್ದ ಒಳ್ಳೆಯ ಕೆಲಸವೆಲ್ಲ ಇದರಲ್ಲಿ ಬಂತು, ಎಣಿಕೆ ಕತ್ತರಿಸುವ ಕಾಟ ಇಲ್ಲ. ಐದನೇ ವಾರ ಜಗುಲಿ ಮೇಲೆ ಅದೇ ಹತ್ತು ನಡೆಯ ಜಾಗ ಮತ್ತೆ ಬಂತು. b1, e1, ಮತ್ತೆ b1. ಹೊಸದೇನೂ ಕಾಣಲಿಲ್ಲ. ಆಡಿದೆ. ಎರಡು ನಿಮಿಷ ಹತ್ತು ಸೆಕೆಂಡು. ಆ ಆಟದಲ್ಲಿ 20ನೇ ನಡೆಗೆ ನನ್ನ ಹತ್ತಿರ 58 ನಿಮಿಷ ಇತ್ತು.

ಇದಕ್ಕೂ ಕುಂದು ಇದೆ. ವಿಂಗಡಣೆಯೇ ತಪ್ಪಬಹುದು. ಒಂದು ಸಲ ಮೇಷ್ಟ್ರು ಕುದುರೆಯನ್ನು h4ಗೆ ತಂದರು. ಶಾಂತವಾದ ನಡೆ ಅಂದುಕೊಂಡು ಎರಡು ನಿಮಿಷದ ಗುಂಪಿಗೆ ಹಾಕಿದೆ. ಅದು ನನ್ನ f3 ಕುದುರೆಯನ್ನು ಹೊಡೆದು ರಾಜನ ಮುಂದಿನ g ಪಾನನ್ನು ಎಳೆಯೋಕೆ ಬಂದಿತ್ತು. ಹಾಗಾಗಿ ಈಗ ಆ ಅರ್ಧ ನಿಮಿಷದಲ್ಲಿ ನನ್ನ ನಡೆಯ ಬಗ್ಗೆ ಕೇಳುವ ಮುಂಚೆ, ಅವನ ಮುಂದಿನ ನಡೆ ಏನು ಹೊಡೆಯಬಹುದು, ಎಲ್ಲಿ ಚೆಕ್ ಕೊಡಬಹುದು ಅಂತ ನೋಡುತ್ತೇನೆ. ಒಂದು ಹೊಡೆತವಾದರೂ ರಾಜನ ಹತ್ತಿರ ಕಂಡರೆ ಅದು ದೊಡ್ಡ ಗುಂಪಿಗೆ ಹೋಗುತ್ತೆ.

ಎದುರಾಳಿಯ ಗಡಿಯಾರ ಓಡುವಾಗ ಏನು ಮಾಡಬೇಕು ಅನ್ನೋದೂ ಈ ವಿಧಾನದಲ್ಲೇ ಚೆನ್ನಾಗಿ ಕೂರುತ್ತೆ. ಬೊಟ್ವಿನಿಕ್ ಹೇಳುತ್ತಿದ್ದ ಹಾಗೆ, ಅವನ ಹೊತ್ತಿನಲ್ಲಿ ಒಟ್ಟಾರೆ ಯೋಚನೆ: ಯಾವ ಆನೆಗೆ ಯಾವ ಸಾಲು, ಯಾವ ಒಂಟೆ ಕೆಲಸವಿಲ್ಲದೆ ಕೂತಿದೆ. ನನ್ನ ಹೊತ್ತಿನಲ್ಲಿ ಎಣಿಕೆ ಮಾತ್ರ. b1ಗೋ e1ಗೋ ಅನ್ನುವ ಪ್ರಶ್ನೆ ಅವನ ಗಡಿಯಾರದ ಮೇಲೆ ಮುಗಿಯಬೇಕಾಗಿದ್ದದ್ದು. ಮೊದಲೆಲ್ಲ ನಾನು ಆಗ ಎದ್ದು ಪಕ್ಕದ ಬೋರ್ಡು ನೋಡೋಕೆ ಹೋಗುತ್ತಿದ್ದೆ.

15+10ರ ರ‍್ಯಾಪಿಡ್‌ನಲ್ಲಿ ಮೂರನೆಯದನ್ನು ಪೂರ್ತಿ ಬಳಸೋಕೆ ಆಗಲಿಲ್ಲ. 40 ನಡೆಗೆ ಹಂಚಿದರೆ ನಡೆಗೆ ಸುಮಾರು ಅರ್ಧ ನಿಮಿಷ, ವಿಂಗಡಿಸೋಕೇ ಅದು ಮುಗಿಯುತ್ತೆ. ಅಲ್ಲಿ ಮಿತಿಯೇ ವಾಸಿ. ಒಂದು ನಿಮಿಷ, ಇಡೀ ಆಟದಲ್ಲಿ ಎರಡು ಸಲ ಮಾತ್ರ ಮೀರಬಹುದು ಅಂತ ಇಟ್ಟುಕೊಂಡಿದ್ದೇನೆ.

90+30ರಲ್ಲೂ ಕಪ್ಪು ಕಾಯಿ ಬಂದಾಗ ಮೈಲಿಗಲ್ಲನ್ನು ಬಿಟ್ಟಿಲ್ಲ. ಎದುರಿನವರು ಆರನೇ ನಡೆಗೇ ಗೊತ್ತಿಲ್ಲದ ದಾರಿ ಹಿಡಿದರೆ ನನಗೆ ಪ್ರತಿ ನಡೆಯೂ ದೊಡ್ಡ ಗುಂಪಿನದ್ದೇ ಅನ್ನಿಸುತ್ತೆ. ಹೋದ ಭಾನುವಾರ ಮೇಷ್ಟ್ರು ಹಾಗೇ ಮಾಡಿದರು. 10ನೇ ನಡೆಗೆ 80ರ ಬದಲು 66 ಇತ್ತು. ಅಲ್ಲಿಂದ ಮುಂದೆ 80ರ ಪಟ್ಟಿ ಮರೆತು, 20ಕ್ಕೆ 45 ಅಂತ ಹೊಸ ಗುರುತು ಇಟ್ಟುಕೊಂಡು ಆಡಿದೆ. 20ನೇ ನಡೆ ಬರೆದಾಗ ಗಡಿಯಾರದಲ್ಲಿ 43 ಇತ್ತು.